ಹಳ್ಳಿ ಶಾಲೆಯಲ್ಲಿ ಆಟದ ಪ್ರತಿಭೆ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಮತ್ತು ಪ್ರೌಢಶಾಲೆಗಳ ದೈಹಿಕ ಶಿಕ್ಷಕರು, ಪೋಷಕರು, ಎಸ್‌ಡಿಎಂಸಿ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. 10ರಿಂದ 15 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಹೆಚ್ಚು ಜಾಗ ಕೊಟ್ಟಿರುವುದು ಒಂದೇ ವಿಷಯಕ್ಕೆ: ಮಗುವಿನ ಬೆಳವಣಿಗೆ ಯಾವ ಹಂತದಲ್ಲಿದೆ ಎಂದು ನೋಡದೆ ಅದರ ಆಟವನ್ನು ಅಳೆಯಬಾರದು.

ವಲಯ ಮಟ್ಟದ ಕ್ರೀಡಾಕೂಟದಲ್ಲಿ ಗೆದ್ದವರೇ ಪ್ರತಿಭಾವಂತರು ಅಲ್ವಾ? ಬೇರೆ ಇನ್ನೇನು ನೋಡಬೇಕು?

ಗೆದ್ದವರಲ್ಲಿ ಪ್ರತಿಭೆ ಇರಬಹುದು. ಆದರೆ 14 ವರ್ಷದೊಳಗಿನ ವಿಭಾಗದಲ್ಲಿ ಗೆಲುವಿನ ದೊಡ್ಡ ಪಾಲು ಯಾರ ಮೈ ಮೊದಲು ಬೆಳೆಯಿತು ಎನ್ನುವುದರ ಮೇಲೆ ನಿಂತಿರುತ್ತದೆ.

ಮಕ್ಕಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಒಂದು ಹಂತದಲ್ಲಿ ದಿಢೀರ್ ಎಂದು ಎತ್ತರ ಏರುತ್ತದೆ. ಹುಡುಗಿಯರಲ್ಲಿ ಇದು ಸರಾಸರಿ 12ನೇ ವಯಸ್ಸಿನ ಸುತ್ತ, ಹುಡುಗರಲ್ಲಿ 14ರ ಸುತ್ತ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂ.ಮೀ. ಬೆಳೆಯುವುದು ಸಾಮಾನ್ಯ. ಆದರೆ ಇದು ಸರಾಸರಿ ಮಾತ್ರ. ಕೆಲವರಿಗೆ ಎರಡು ವರ್ಷ ಮುಂಚೆ, ಕೆಲವರಿಗೆ ಎರಡು ವರ್ಷ ತಡವಾಗಿ ಬರುತ್ತದೆ. ಹಾಗಾಗಿ ಎಂಟನೇ ತರಗತಿಯ ಒಂದೇ ಬೆಂಚಿನಲ್ಲಿ ಮೀಸೆ ಚಿಗುರಿದ ಹುಡುಗನೂ ಇರುತ್ತಾನೆ, ಐದನೇ ತರಗತಿಯವನಂತೆ ಕಾಣುವವನೂ ಇರುತ್ತಾನೆ. ಇಬ್ಬರ ವಯಸ್ಸೂ 13.

ಮೊದಲು ಬೆಳೆದವನಿಗೆ ಕಾಲು ಉದ್ದ, ಸ್ನಾಯು ಜಾಸ್ತಿ, ತೂಕವೂ ಜಾಸ್ತಿ. ಗುಂಡು ಎಸೆತ, 100 ಮೀಟರ್ ಓಟ, ಕಬಡ್ಡಿ ಎಲ್ಲದರಲ್ಲೂ ಅವನೇ ಮುಂದೆ. ಶಾಲೆ ಅವನನ್ನೇ ಕಳಿಸುತ್ತದೆ, ತರಬೇತಿಯೂ ಅವನಿಗೇ ಸಿಗುತ್ತದೆ. ತಡವಾಗಿ ಬೆಳೆಯುವವನು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುತ್ತಾನೆ. 17–18ರ ಹೊತ್ತಿಗೆ ಇಬ್ಬರ ಮೈಯೂ ಬಹುತೇಕ ಸಮ ಆಗಿರುತ್ತದೆ. ಅಷ್ಟರಲ್ಲಿ ಎರಡನೆಯವನು ಆಟವನ್ನೇ ಬಿಟ್ಟಿರುತ್ತಾನೆ.

ಮೊದಲು ಬೆಳೆದವನಿಗೂ ಇದರಿಂದ ನಷ್ಟವೇ. ಬರೀ ಬಲದಿಂದ ಗೆಲ್ಲುತ್ತಿದ್ದವನು ಚಾಕಚಕ್ಯತೆ ಕಲಿಯುವುದಿಲ್ಲ, ಅದರ ಅಗತ್ಯವೇ ಅವನಿಗೆ ಬಿದ್ದಿರುವುದಿಲ್ಲ. ಉಳಿದವರು ಅವನ ಎತ್ತರಕ್ಕೆ ಬಂದಾಗ ಸೋಲಲು ಶುರುಮಾಡುತ್ತಾನೆ. ಯಾಕೆ ಅಂತ ಅವನಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ.

ದಾಖಲಾತಿಯಲ್ಲಿ ಹುಟ್ಟಿದ ದಿನಾಂಕ ಇರುತ್ತದಲ್ಲ, ಅದನ್ನು ನೋಡಿ ಲೆಕ್ಕ ಹಾಕಬಹುದಲ್ವಾ?

ಅದರಿಂದ ಪೂರ್ತಿ ಕೆಲಸ ಆಗುವುದಿಲ್ಲ, ಕಾರಣ ಎರಡು. ಮೊದಲನೆಯದು, ದಿನಾಂಕ ಸರಿಯಾಗಿದ್ದರೂ ಅದು ಮೈಯ ಬೆಳವಣಿಗೆಯನ್ನು ಹೇಳುವುದಿಲ್ಲ. ಎರಡನೆಯದು ನಮ್ಮ ಊರುಗಳಿಗೇ ಸೇರಿದ್ದು. ಹಳೆಯ ದಾಖಲಾತಿ ಪುಸ್ತಕ ತೆರೆದರೆ ಸಾಲು ಸಾಲಾಗಿ ಜೂನ್ 1 ಕಾಣುತ್ತದೆ. ಶಾಲೆಗೆ ಸೇರಿಸುವಾಗ ನಿಜವಾದ ದಿನಾಂಕ ಗೊತ್ತಿಲ್ಲದಿದ್ದರೆ ಅದನ್ನೇ ಬರೆಯುವುದು ರೂಢಿಯಾಗಿತ್ತು. ಈಗ ಜನನ ಪ್ರಮಾಣಪತ್ರ ಬಂದ ಮೇಲೆ ಕಡಿಮೆಯಾಗಿದೆ. ಆದರೂ ದಿನಾಂಕ ಕಂಡ ತಕ್ಷಣ ನಂಬಬೇಡಿ. ತಾಯಿಯನ್ನು ಕೇಳಿ: ಯಾವ ಹಬ್ಬದ ಹತ್ತಿರ, ಮಳೆಗಾಲದಲ್ಲೋ ಸುಗ್ಗಿಯಲ್ಲೋ, ಅಂಗನವಾಡಿ ತಾಯಿ ಕಾರ್ಡ್ ಇದೆಯಾ. ಇದನ್ನು ನಿಮ್ಮ ತಿಳಿವಳಿಕೆಗೆ ಮಾತ್ರ ಇಟ್ಟುಕೊಳ್ಳಿ.

ಸ್ಪರ್ಧೆಗೆ ಮಾತ್ರ ಅಧಿಕೃತ ದಾಖಲೆಯ ದಿನಾಂಕವೇ ನಡೆಯುತ್ತದೆ. ಒಂದು ಟ್ರೋಫಿಗಾಗಿ ಆ ದಿನಾಂಕ ತಿದ್ದುವ ಮಾತು ಯಾರಾದರೂ ಎತ್ತಿದರೆ ಅಲ್ಲೇ ನಿಲ್ಲಿಸಿ. ಮುಂದೆ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ನೋಡುವ ಹಂತ ಬರುತ್ತದೆ. ಆಗ ಶಿಕ್ಷೆ ಬೀಳುವುದು ಮಗುವಿನ ಮೇಲೆ.

ಹಾಗಾದರೆ ಬೆಳವಣಿಗೆಯನ್ನು ಶಾಲೆಯಲ್ಲೇ ಅಳೆಯುವುದು ಹೇಗೆ?

ಗೋಡೆ, ಅಳತೆ ಟೇಪು, ಒಂದು ದಪ್ಪ ಪುಸ್ತಕ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಟೇಪನ್ನು ನೆಲದಿಂದ ನೇರವಾಗಿ ಗೋಡೆಗೆ ಅಂಟಿಸಿ. ನೆಲ ಸಮವಾಗಿರಲಿ, ಗೋಡೆಯ ಬುಡದಲ್ಲಿ ಪಟ್ಟಿ ಉಬ್ಬಿರಬಾರದು. ಮಗು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೇರ ಮುಂದೆ ನೋಡುತ್ತಾ ನಿಲ್ಲಲಿ. ಹುಡುಗಿಯರ ಜಡೆ ತಲೆಯ ಮೇಲೆ ಇರದಂತೆ ನೋಡಿ. ಪುಸ್ತಕವನ್ನು ಗೋಡೆಗೆ ಒತ್ತಿ, ತಲೆ ಮುಟ್ಟುವವರೆಗೆ ಇಳಿಸಿ, ಓದಿ. ಒಮ್ಮೆ ಆಚೆ ಕಳಿಸಿ ಮತ್ತೆ ನಿಲ್ಲಿಸಿ ಅಳೆಯಿರಿ. ಎರಡು ಅಳತೆಗೆ ಅರ್ಧ ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲ ಅಳೆಯಿರಿ. ಸಂಜೆಯ ಹೊತ್ತಿಗೆ ಎತ್ತರ ಸ್ವಲ್ಪ ಕಡಿಮೆ ಬರುತ್ತದೆ. ಹಾಗಾಗಿ ಯಾವಾಗಲೂ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಅದೇ ಗೋಡೆಯಲ್ಲಿ, ಅದೇ ವ್ಯಕ್ತಿ ಅಳೆಯುವುದು ಒಳ್ಳೆಯದು.

ಇದನ್ನು ಮೂರು ತಿಂಗಳಿಗೊಮ್ಮೆ ಮಾಡಿ. ಮೂರು ತಿಂಗಳಲ್ಲಿ 2 ಸೆಂ.ಮೀ. ಅಥವಾ ಅದಕ್ಕಿಂತ ಜಾಸ್ತಿ ಏರಿದ್ದರೆ ಮಗು ಜೋರು ಬೆಳವಣಿಗೆಯ ಹಂತದಲ್ಲಿದೆ ಎಂದು ಹಿಡಿಯಬಹುದು. ಪ್ರತಿ ತಿಂಗಳು ಅಳೆದು ಪ್ರಯೋಜನವಿಲ್ಲ. ಅಷ್ಟು ಸಣ್ಣ ಬದಲಾವಣೆ ಅಳತೆಯ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ.

ಇನ್ನೊಂದು ಲೆಕ್ಕ ಪೋಷಕರ ಎತ್ತರದ್ದು. ತಂದೆ, ತಾಯಿ ಎತ್ತರವನ್ನು ಸೆಂ.ಮೀ.ನಲ್ಲಿ ಕೂಡಿಸಿ. ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆಯಿರಿ. ಬಂದದ್ದನ್ನು ಎರಡರಿಂದ ಭಾಗಿಸಿ. ಮಗು ದೊಡ್ಡದಾದಾಗ ಸುಮಾರು ಎಷ್ಟು ಎತ್ತರ ಆಗಬಹುದು ಎನ್ನುವ ಅಂದಾಜು ಸಿಗುತ್ತದೆ. ಈಗಿನ ಎತ್ತರ ಅದರ ಶೇಕಡಾ ಎಷ್ಟು ಎಂದು ನೋಡಿ. ಜೋರು ಬೆಳವಣಿಗೆಯ ತುದಿ ಸಾಮಾನ್ಯವಾಗಿ ಶೇ. 90ರ ಸುತ್ತ ಬರುತ್ತದೆ. ಅದಕ್ಕಿಂತ ತುಂಬಾ ಕೆಳಗಿದ್ದರೆ ಬೆಳವಣಿಗೆ ಇನ್ನೂ ಮುಂದಿದೆ, ಶೇ. 96ರ ಮೇಲಿದ್ದರೆ ಬಹುತೇಕ ಮುಗಿಯುತ್ತಾ ಬಂದಿದೆ.

ಇದು ಒರಟು ಲೆಕ್ಕ. 8–10 ಸೆಂ.ಮೀ. ಆಚೀಚೆ ಆಗಬಹುದು. ಪೋಷಕರೇ ಚಿಕ್ಕಂದಿನಲ್ಲಿ ಹೊಟ್ಟೆ ತುಂಬಾ ಉಣ್ಣದೆ ಬೆಳೆದಿದ್ದರೆ ಅವರ ಎತ್ತರ ಮಗುವಿನದನ್ನು ಸರಿಯಾಗಿ ಹೇಳುವುದಿಲ್ಲ. ಬಾಯಲ್ಲಿ ಕೇಳಿದ ಎತ್ತರವನ್ನೂ ಬರೆಯಬೇಡಿ. ಪೋಷಕರ ಸಭೆಗೆ ಬಂದಾಗ ಅದೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ಈ ಲೆಕ್ಕ ಮುಂದಿಟ್ಟುಕೊಂಡು ಯಾವ ಮಗುವನ್ನೂ ತಂಡದಿಂದ ತೆಗೆಯಬಾರದು. ಯಾರನ್ನು ಬಿಡಬಾರದು ಎಂದು ತಿಳಿಯಲು ಮಾತ್ರ ಬಳಸಿ.

ಒಂದು ಉದಾಹರಣೆ ಕೊಟ್ಟು ಹೇಳ್ತೀರಾ?

ಲೆಕ್ಕ ತೋರಿಸಲು ಇಬ್ಬರು ಹುಡುಗರನ್ನು ತೆಗೆದುಕೊಳ್ಳೋಣ. ಇಬ್ಬರೂ ಎಂಟನೇ ತರಗತಿ, ಇಬ್ಬರಿಗೂ 13 ವರ್ಷ.

ಜುಲೈನಲ್ಲಿ ಮೊದಲನೆಯವನ ಎತ್ತರ 164 ಸೆಂ.ಮೀ. 50 ಮೀಟರ್ ಓಟಕ್ಕೆ 7.4 ಸೆಕೆಂಡ್. ಎರಡನೆಯವನು 146 ಸೆಂ.ಮೀ., 8.2 ಸೆಕೆಂಡ್. ಕ್ರೀಡಾಕೂಟಕ್ಕೆ ಯಾರನ್ನು ಕಳಿಸುತ್ತೀರಿ ಎಂದು ಯಾರೂ ಕೇಳುವುದೇ ಬೇಡ.

ಈಗ ಪೋಷಕರನ್ನು ಅಳೆಯೋಣ. ಮೊದಲನೆಯವನ ತಂದೆ 166, ತಾಯಿ 153. 13 ಸೇರಿಸಿ ಭಾಗಿಸಿದರೆ 166. ಅಂದರೆ ಹುಡುಗ ಆಗಲೇ ಶೇ. 98–99 ಮುಟ್ಟಿದ್ದಾನೆ. ಎರಡನೆಯವನ ತಂದೆ 172, ತಾಯಿ 156. ಅಂದಾಜು 170.5. ಹುಡುಗ ಇನ್ನೂ ಶೇ. 86ರ ಹತ್ತಿರ ಇದ್ದಾನೆ. ಜೋರು ಬೆಳವಣಿಗೆ ಅವನಿಗೆ ಇನ್ನೂ ಶುರುವಾಗಿಲ್ಲ.

ನವೆಂಬರಿನಲ್ಲಿ ದೊಡ್ಡವನು 164.5, ಓಟ ಅಷ್ಟೇ. ಸಣ್ಣವನು 148.5, ಓಟ 8.1. ಫೆಬ್ರವರಿಯಲ್ಲಿ ಸಣ್ಣವನು 151.5. ಮೂರು ತಿಂಗಳಲ್ಲಿ 3 ಸೆಂ.ಮೀ. ಏರಿದ್ದಾನೆ. ಆದರೆ ಓಟ ಮತ್ತೆ 8.2ಕ್ಕೆ ಬಂದಿದೆ, ಹಿಮ್ಮಡಿ ನೋವು ಅನ್ನುತ್ತಿದ್ದಾನೆ. ನೋಟ್‌ಬುಕ್ ಇಲ್ಲದಿದ್ದರೆ ನಾವು ಇಲ್ಲೇ ಅವನನ್ನು ಕೈಬಿಡುತ್ತಿದ್ದೆವು. ಕಾಲು ಬೇಗ ಉದ್ದ ಆದಾಗ ಮೈ ಹಿಡಿತ ತಪ್ಪುವುದು, ಓಟ ಎಡವಟ್ಟಾಗುವುದು ಸಹಜ. ಕೆಲವು ತಿಂಗಳಲ್ಲಿ ಅದು ಸರಿಹೋಗುತ್ತದೆ.

ಒಂಬತ್ತನೇ ತರಗತಿಯ ಫೆಬ್ರವರಿಗೆ ಬರೋಣ. ದೊಡ್ಡವನು 166, ಓಟ 7.2. ಸಣ್ಣವನು 159.5, ಓಟ 7.4. ಅಂದರೆ ದೊಡ್ಡವನು ಒಂದೂವರೆ ವರ್ಷದ ಹಿಂದೆ ಓಡಿದ್ದ ವೇಗವನ್ನು ಇವನು ಅವನಿಗಿಂತ ಕಡಿಮೆ ಎತ್ತರದಲ್ಲೇ ಮುಟ್ಟಿದ್ದಾನೆ. ಇನ್ನೂ ಹತ್ತು ಸೆಂ.ಮೀ. ಬೆಳೆಯಬಹುದು.

ಈ ಒಂದೂವರೆ ವರ್ಷ ಶಾಲೆ ಏನು ಮಾಡಬೇಕಿತ್ತು? ಸಣ್ಣವನನ್ನು ಅಭ್ಯಾಸದ ಗುಂಪಿನಲ್ಲಿ ಇಟ್ಟುಕೊಳ್ಳಬೇಕು, ರಿಲೇ ತಂಡದಲ್ಲಿ ಮೀಸಲು ಓಟಗಾರನಾಗಿಯಾದರೂ ಕರೆದೊಯ್ಯಬೇಕು. ದೊಡ್ಡವನನ್ನು ವಾರಕ್ಕೊಮ್ಮೆ ಹತ್ತನೇ ತರಗತಿಯವರ ಜೊತೆ ಆಡಿಸಬೇಕು. ಅಲ್ಲಿ ಅವನ ಬಲ ನಡೆಯುವುದಿಲ್ಲ, ತಲೆ ಓಡಿಸಲೇಬೇಕು. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಮಕ್ಕಳನ್ನು ಆಗಾಗ ವಯಸ್ಸಿನ ಬದಲು ಬೆಳವಣಿಗೆಯ ಶೇಕಡಾವಾರು ನೋಡಿ ಗುಂಪು ಮಾಡಿ ಆಡಿಸುತ್ತವೆ. ನಮ್ಮ ಮೈದಾನದಲ್ಲಿ ಇದಕ್ಕೆ ಖರ್ಚೇ ಇಲ್ಲ.

ಯಾವ ಪರೀಕ್ಷೆಗಳನ್ನು ಮಾಡಿಸಬೇಕು?

ಕಡಿಮೆ ಮಾಡಿಸಿ, ಸರಿಯಾಗಿ ಮಾಡಿಸಿ. 50 ಮೀಟರ್ ಓಟ, ನಿಂತಲ್ಲಿಂದ ಉದ್ದ ಜಿಗಿತ, ಚೆಂಡು ಎಸೆತ, 600 ಮೀಟರ್ ಓಟ. ಈ ನಾಲ್ಕು ಸಾಕು. ಖೇಲೋ ಇಂಡಿಯಾ ಫಿಟ್ನೆಸ್ ಪರೀಕ್ಷೆಯಲ್ಲೂ 50 ಮೀಟರ್ ಮತ್ತು 600 ಮೀಟರ್ ಇರುವುದರಿಂದ ಒಂದೇ ಕೆಲಸ ಎರಡಕ್ಕೂ ಆಗುತ್ತದೆ. ಜುಲೈ, ನವೆಂಬರ್, ಫೆಬ್ರವರಿಯಲ್ಲಿ ಮಾಡಿಸಿ. ಜುಲೈನಲ್ಲಿ ನೆಲ ಒದ್ದೆ ಇದ್ದರೆ ಒಣಗುವವರೆಗೆ ಕಾಯಿರಿ. ಕೈ ಗಡಿಯಾರದಲ್ಲಿ 0.2 ಸೆಕೆಂಡ್ ವ್ಯತ್ಯಾಸ ಬಟನ್ ಒತ್ತುವುದರಲ್ಲೇ ಬರುತ್ತದೆ. ಅಷ್ಟರ ಮೇಲೆ ಯಾವ ತೀರ್ಮಾನವೂ ಬೇಡ.

ಈ ಅಂಕಿಗಳಿಗಿಂತ ನಾನು ಹೆಚ್ಚು ನಂಬುವುದು ಕಲಿಯುವ ವೇಗವನ್ನು. ಯಾರಿಗೂ ಗೊತ್ತಿಲ್ಲದ ಒಂದು ಕೆಲಸ ಆರಿಸಿ. ನೆಲದ ಮೇಲೆ ಬಿದಿರು ಕೋಲುಗಳನ್ನು ಒಂದೇ ಅಂತರದಲ್ಲಿಟ್ಟು, ಎರಡು ಕೋಲಿನ ನಡುವೆ ಮೂರೇ ಹೆಜ್ಜೆ ಹಾಕಿ ಓಡುವುದನ್ನು ಕಲಿಸಿ. ಎರಡು ವಾರ, ದಿನಕ್ಕೆ ಹತ್ತು ನಿಮಿಷ. ಮೊದಲ ದಿನ ಯಾರು ಚೆನ್ನಾಗಿ ಮಾಡಿದರು ಎನ್ನುವುದು ಮುಖ್ಯ ಅಲ್ಲ. ಕೊನೆಯ ದಿನದ ಹೊತ್ತಿಗೆ ಯಾರು ಎಷ್ಟು ಬದಲಾದರು, ಯಾರು ಹೇಳಿದ್ದನ್ನು ಕಾಲಿಗೆ ಇಳಿಸಿಕೊಂಡರು, ಯಾರು ಬಿಡುವಿನಲ್ಲೂ ಹೋಗಿ ಅದನ್ನೇ ಮಾಡುತ್ತಿದ್ದರು ಎಂದು ಬರೆದಿಡಿ.

ಆಟದಲ್ಲೂ ಹೀಗೆಯೇ ನೋಡಿ. ಖೋ-ಖೋದಲ್ಲಿ ಬೆನ್ನಟ್ಟುವವನ ಭುಜ ಎತ್ತ ತಿರುಗಿದೆ ಎಂದು ನೋಡಿ ದಿಕ್ಕು ಬದಲಿಸುವ ಮಗು ಯಾವುದು? ಲಗೋರಿಯಲ್ಲಿ ಚೆಂಡು ಬರುವ ಮೊದಲೇ ಜಾಗ ಹಿಡಿಯುವವರು ಯಾರು? ಈ ಗುಣ ಎತ್ತರ ಬಂದ ಮೇಲೂ ಉಳಿಯುತ್ತದೆ.

ಸಣ್ಣ ವಯಸ್ಸಲ್ಲೇ ಒಂದೇ ಆಟ ಹಿಡಿದರೆ ಬೇಗ ಮುಂದೆ ಬರ್ತಾರೆ ಅಂತಾರಲ್ಲ?

ಬೇಗ ಬರುತ್ತಾರೆ, ನಿಜ. ಪ್ರಶ್ನೆ ಎಲ್ಲಿಯವರೆಗೆ ಬರುತ್ತಾರೆ ಎನ್ನುವುದು. ನಾನಾ ದೇಶಗಳ, ನಾನಾ ಆಟಗಳ ಸಾವಿರಾರು ಕ್ರೀಡಾಪಟುಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಗಿದೆ. ಕಿರಿಯರ ವಿಭಾಗದಲ್ಲಿ ಗೆಲ್ಲುವವರು ತಮ್ಮ ಆಟವನ್ನು ಬೇಗ ಶುರುಮಾಡಿ, ಅದನ್ನೇ ಜಾಸ್ತಿ ಅಭ್ಯಾಸ ಮಾಡಿದವರು. ದೊಡ್ಡವರಾದ ಮೇಲೆ ವಿಶ್ವ ಮಟ್ಟ ಮುಟ್ಟಿದವರು ಮಾತ್ರ ಚಿಕ್ಕಂದಿನಲ್ಲಿ ಬೇರೆ ಬೇರೆ ಆಟ ಆಡಿದವರು, ತಮ್ಮ ಮುಖ್ಯ ಆಟಕ್ಕೆ ಸ್ವಲ್ಪ ತಡವಾಗಿ ಬಂದವರು, ಮೊದಮೊದಲು ನಿಧಾನವಾಗಿ ಮುಂದೆ ಬಂದವರು.

ಹಿಮಾ ದಾಸ್ ಅವರನ್ನೇ ನೋಡಿ. ಅಸ್ಸಾಮಿನ ಧಿಂಗ್ ಹತ್ತಿರದ ಹಳ್ಳಿಯ ರೈತ ಕುಟುಂಬದ ಹುಡುಗಿ. ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಿದ್ದವರು ಆಮೇಲೆ ಓಟಕ್ಕೆ ಬಂದರು. 2018ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 400 ಮೀಟರ್ ಚಿನ್ನ ಗೆದ್ದರು.

ಜಿಮ್ನಾಸ್ಟಿಕ್ಸ್, ಡೈವಿಂಗ್‌ನಂಥ ಕೆಲವು ಆಟಗಳಲ್ಲಿ ಬೇಗ ಶುರುಮಾಡಬೇಕಾಗುತ್ತದೆ. ನಮ್ಮ ಶಾಲೆಗಳಲ್ಲಿ ಆಡುವ ಕಬಡ್ಡಿ, ಖೋ-ಖೋ, ವಾಲಿಬಾಲ್, ಥ್ರೋಬಾಲ್, ಅಥ್ಲೆಟಿಕ್ಸ್‌ಗೆ ಆ ಅವಸರ ಇಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗಿ ಕಬಡ್ಡಿ, ಖೋ-ಖೋ, 100, 200, ರಿಲೇ ಎಲ್ಲದರಲ್ಲೂ ಇದ್ದಾಳೆ. ಹಲವು ಆಟ ಅಂದರೆ ಇದೇ ತಾನೇ?

ಅಲ್ಲ. ಸಣ್ಣ ಶಾಲೆಗಳಲ್ಲಿ ನಡೆಯುವ ದೊಡ್ಡ ಎಡವಟ್ಟೇ ಇದು. ಒಂದು ವರ್ಷದಲ್ಲಿ ಹಲವು ಆಟ ಆಡುವುದು ಬೇರೆ, ಒಂದೇ ದಿನ ಎಲ್ಲ ತಂಡಕ್ಕೂ ಅವಳೇ ಬೇಕು ಎನ್ನುವುದು ಬೇರೆ. ಮೊದಲನೆಯದರಲ್ಲಿ ಮೈಯ ಬೇರೆ ಬೇರೆ ಭಾಗಕ್ಕೆ ಕೆಲಸವೂ ವಿಶ್ರಾಂತಿಯೂ ಸಿಗುತ್ತದೆ. ಎರಡನೆಯದರಲ್ಲಿ ಅದೇ ಮೊಣಕಾಲು, ಅದೇ ಹಿಮ್ಮಡಿ ಬೆಳಗಿನಿಂದ ಸಂಜೆವರೆಗೆ ಪೆಟ್ಟು ತಿನ್ನುತ್ತದೆ.

ನೆನಪಿಡಲು ಸುಲಭವಾದ ಒಂದು ಮಿತಿ ಇದೆ: ವಾರದಲ್ಲಿ ಎಷ್ಟು ಗಂಟೆ ತರಬೇತಿ ಮತ್ತು ಸ್ಪರ್ಧೆ ಎನ್ನುವುದು ಮಗುವಿನ ವಯಸ್ಸನ್ನು ದಾಟಬಾರದು. 12 ವರ್ಷದ ಮಗುವಿಗೆ ವಾರಕ್ಕೆ 12 ಗಂಟೆಯೇ ಗರಿಷ್ಠ. ಅದನ್ನು ದಾಟಿದ ಮಕ್ಕಳಲ್ಲಿ ಗಾಯ ಜಾಸ್ತಿ ಎಂದು ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಆ ಅಧ್ಯಯನದ ಮಕ್ಕಳು ಕಾರಿನಲ್ಲಿ ಮೈದಾನಕ್ಕೆ ಬರುವವರು. ನಮ್ಮ ಮಕ್ಕಳು ಮೂರು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಾರೆ, ನೀರು ಹೊರುತ್ತಾರೆ, ಶೇಂಗಾ ಕೀಳುವ, ಹತ್ತಿ ಬಿಡಿಸುವ ಕಾಲದಲ್ಲಿ ರಜೆಯೆಲ್ಲ ಹೊಲದಲ್ಲೇ ಇರುತ್ತಾರೆ. ಅದೂ ಮೈಗೆ ಬೀಳುವ ಭಾರವೇ. ಹಾಗಾಗಿ ಸೋಮವಾರದ ಅಭ್ಯಾಸಕ್ಕೆ ಮೊದಲು "ನಿನ್ನೆ ಏನು ಕೆಲಸ ಮಾಡಿದೆ?" ಎಂದು ಕೇಳಿ. ಉತ್ತರ ನೋಡಿ ಆ ದಿನದ ಓಟ ಕಡಿಮೆ ಮಾಡಿ.

ವರ್ಷವನ್ನು ಹೀಗೆ ಹಂಚಬಹುದು. ಜೂನ್‌ನಿಂದ ಕ್ರೀಡಾಕೂಟ ಮುಗಿಯುವವರೆಗೆ ಒಂದು ಗುಂಪು ಆಟ ಮತ್ತು ಒಂದೆರಡು ಓಟ ಅಥವಾ ಜಿಗಿತ. ಆಮೇಲೆ ಎರಡು ವಾರ ಏನೂ ಬೇಡ, ಸುಮ್ನೆ ಆಡಿಕೊಂಡಿರಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೇರೆ ಆಟ: ಕಬಡ್ಡಿ ಆಡಿದವರಿಗೆ ವಾಲಿಬಾಲ್, ಓಡಿದವರಿಗೆ ಎಸೆತ. ಬೇಸಿಗೆಯಲ್ಲಿ ದೊಡ್ಡವರ ಕಣ್ಣಳತೆಯಲ್ಲಿ ಈಜು, ಚಿನ್ನಿದಾಂಡು, ಮರಕೋತಿ. ವಾರದಲ್ಲಿ ಒಂದು ದಿನವಾದರೂ ಪೂರ್ತಿ ಬಿಡುವು.

ಹಿಮ್ಮಡಿ ನೋವು, ಮೊಣಕಾಲು ನೋವು ಅಂತ ಮಕ್ಕಳು ಹೇಳುತ್ತಿರುತ್ತಾರೆ. ನೆಪವೋ ನಿಜವೋ ತಿಳಿಯುವುದು ಹೇಗೆ?

ಮೊದಲು ನಿಜ ಅಂತಲೇ ತಿಳಿಯಿರಿ. ಜೋರಾಗಿ ಬೆಳೆಯುವಾಗ ಮೂಳೆಯ ತುದಿಗಳು ಇನ್ನೂ ಮೆತ್ತಗೆ ಇರುತ್ತವೆ. ಸ್ನಾಯು ಅಲ್ಲೇ ಹಿಡಿದು ಎಳೆಯುತ್ತಿರುತ್ತದೆ. ಹಿಮ್ಮಡಿಯನ್ನು ಎರಡೂ ಬದಿಯಿಂದ ಹಿಂಡಿದಾಗ ನೋವಾದರೆ, ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಓಡಿದ ಮೇಲೆ ಜಾಸ್ತಿಯಾದರೆ, ಅದು ಬೆಳವಣಿಗೆಯ ನೋವಿರಬಹುದು. ಮೊಣಕಾಲ ಚಿಪ್ಪಿನ ಸ್ವಲ್ಪ ಕೆಳಗೆ ಉಬ್ಬು ಬಂದು, ಮಂಡಿಯೂರಿದಾಗ, ಜಿಗಿದಾಗ ನೋವಾದರೆ ಅದೂ ಇದೇ ಜಾತಿಯದು.

ಇದಕ್ಕೆ ಪೂರ್ತಿ ಆಟ ನಿಲ್ಲಿಸಬೇಕಿಲ್ಲ. ಜಿಗಿತ ಮತ್ತು ವೇಗದ ಓಟವನ್ನು ಅರ್ಧಕ್ಕೆ ಇಳಿಸಿ, ಮೆತ್ತಗಿನ ನೆಲದಲ್ಲಿ ಓಡಿಸಿ, ಎಸೆತ ಅಥವಾ ಚೆಂಡು ಹಿಡಿಯುವ ಕೆಲಸ ಕೊಡಿ. ಮರುದಿನ ಬೆಳಿಗ್ಗೆ ನೋವು ಇಳಿದಿದ್ದರೆ ಮಾಡಿಸಿದ್ದು ಸರಿ ಇತ್ತು. ಜಾಸ್ತಿಯಾಗಿದ್ದರೆ ಇನ್ನೂ ಇಳಿಸಿ.

ಕುಂಟುತ್ತಿದ್ದರೆ, ಕೀಲು ಊದಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಜ್ವರ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕ್ರಿಕೆಟ್‌ನಲ್ಲಿ ವೇಗದ ಬೌಲಿಂಗ್ ಮಾಡುವ ಹುಡುಗನಿಗೆ ಸೊಂಟದ ಒಂದೇ ಬದಿ ನೋವು ಎರಡು ವಾರ ದಾಟಿದರೆ ಬೌಲಿಂಗ್ ನಿಲ್ಲಿಸಿ ತೋರಿಸಲೇಬೇಕು. ಬೆನ್ನಿನ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವ ಸಾಧ್ಯತೆ ಇರುತ್ತದೆ. ನೋವಿನ ಮಾತ್ರೆ ಕೊಟ್ಟು ಆಡಿಸುವುದು ಯಾವ ಪಂದ್ಯಕ್ಕೂ ಬೇಡ.

ಕಬಡ್ಡಿಯಲ್ಲಿ ತೂಕದ ಮಿತಿ ಇದೆ. ನಮ್ಮ ಒಳ್ಳೆಯ ರೈಡರ್ ಒಂದೂವರೆ ಕೆ.ಜಿ. ಜಾಸ್ತಿ ಇದ್ದಾನೆ. ಏನು ಮಾಡೋದು?

ಅವನನ್ನು ಆ ವಿಭಾಗದಲ್ಲಿ ಆಡಿಸಬೇಡಿ. ತೂಕ ಹಾಕುವ ಹಿಂದಿನ ದಿನ ಊಟ ಬಿಡಿಸುವುದು, ನೀರು ಕುಡಿಯಲು ಬಿಡದೆ ಸ್ವೆಟರ್ ಹಾಕಿಸಿ ಓಡಿಸುವುದು ಅಲ್ಲಲ್ಲಿ ನಡೆಯುತ್ತದೆ. ಬೆಳೆಯುವ ಮಗುವಿಗೆ ಇದು ಅಪಾಯ, ಬಿಸಿಲಲ್ಲಿ ಜೀವಕ್ಕೇ ಅಪಾಯ. ತೂಕ ಏರಿರುವುದು ಅವನು ಬೆಳೆಯುತ್ತಿರುವುದಕ್ಕೆ. ಆ ವರ್ಷ ವಾಲಿಬಾಲ್‌ಗೋ ಎಸೆತಕ್ಕೋ ಇಳಿಸಿ.

ಏಳನೇ ತರಗತಿಯಲ್ಲಿ ಜಿಂಕೆಯಂತೆ ಓಡುತ್ತಿದ್ದ ಹುಡುಗಿಯರು ಒಂಬತ್ತಕ್ಕೆ ಬರುವಷ್ಟರಲ್ಲಿ ಮೈದಾನಕ್ಕೇ ಬರುವುದಿಲ್ಲ. ಯಾಕೆ?

ಮೈಯ ಕಾರಣ ಒಂದಿದೆ, ಮೈದಾನದ ಕಾರಣ ಹಲವಿದೆ. ಹುಡುಗಿಯರಲ್ಲಿ ಜೋರು ಬೆಳವಣಿಗೆಯ ತುದಿ ದಾಟಿ ಸುಮಾರು ಒಂದು ವರ್ಷಕ್ಕೆ ಮುಟ್ಟು ಶುರುವಾಗುತ್ತದೆ. ಸೊಂಟ ಅಗಲವಾಗುತ್ತದೆ, ತೂಕ ಏರುತ್ತದೆ, ಓಟದ ಸಮಯ ಒಂದೆರಡು ವರ್ಷ ಅಲ್ಲೇ ನಿಲ್ಲಬಹುದು ಅಥವಾ ಸ್ವಲ್ಪ ಕೆಡಬಹುದು. ಇದು ಸೋಮಾರಿತನ ಅಲ್ಲ. ಈ ಹಂತದಲ್ಲಿ "ದಪ್ಪ ಆಗಿದ್ದೀಯ, ಊಟ ಕಡಿಮೆ ಮಾಡು" ಎನ್ನುವ ಒಂದು ಮಾತು ಸಾಕು, ಅವಳು ಆಟ ಬಿಡುತ್ತಾಳೆ, ಇಲ್ಲವೇ ಊಟ ಬಿಡುತ್ತಾಳೆ. ಆ ಮಾತು ಆಡಲೇಬೇಡಿ. ಮುಂಚೆಯೇ ಕೂರಿಸಿ ಹೇಳಿ: ಸಮಯ ನಿಲ್ಲುತ್ತದೆ, ಮತ್ತೆ ಏಳುತ್ತದೆ. ಅಷ್ಟರವರೆಗೆ ಜಿಗಿದು ಸರಿಯಾಗಿ ಇಳಿಯುವುದನ್ನು ಕಲಿಸಿ: ಮೊಣಕಾಲು ಒಳಗೆ ವಾಲದೆ, ಎರಡೂ ಪಾದದ ಮೇಲೆ, ಶಬ್ದವಿಲ್ಲದೆ.

ಮೈದಾನದ ಕಾರಣಗಳು ಇನ್ನೂ ಸರಳ. ಸ್ಪರ್ಧೆ ನಡೆಯುವ ಜಾಗದಲ್ಲಿ ಶೌಚಾಲಯ ಇರುವುದಿಲ್ಲ. ಜೊತೆಗೆ ಶಿಕ್ಷಕಿ ಹೋಗುವುದಿಲ್ಲ. ಕೊಟ್ಟ ಟೀಶರ್ಟ್ ತೆಳ್ಳಗಿರುತ್ತದೆ. ಬಸ್ ಊರಿಗೆ ಬರುವುದು ರಾತ್ರಿ ಎಂಟಕ್ಕೆ. ತಂದೆ ಬೇಡ ಅನ್ನುವುದು ಇದಕ್ಕೆ, ಆಟಕ್ಕಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿ ಅಭ್ಯಾಸ ಮಾಡಲು ಬಿಡಿ, ಶಾಲೆಯ ಬ್ಯಾಗಿನಲ್ಲಿ ಪ್ಯಾಡ್ ಇಟ್ಟಿರಿ, ಶಿಕ್ಷಕಿ ಇಲ್ಲದಿದ್ದರೆ ಒಬ್ಬ ತಾಯಿಯನ್ನೇ ಜೊತೆಗೆ ಕರೆದೊಯ್ಯಿರಿ. ಮುಟ್ಟು ಶುರುವಾದ ಮೇಲೆ ಮೂರು ತಿಂಗಳು ನಿಂತುಹೋದರೆ ವೈದ್ಯರಿಗೆ ತೋರಿಸಬೇಕು ಎಂದು ಮನೆಗೆ ತಿಳಿಸಿ.

ವಿಶೇಷ ಊಟ, ಪ್ರೋಟೀನ್ ಪುಡಿ ಬೇಕಾ?

ಪುಡಿ ಬೇಡ. ಬಿಸಿಯೂಟ, ಮೊಟ್ಟೆ, ಹಾಲು, ರಾಗಿ ಮಾಲ್ಟ್ ಶಾಲೆಯಲ್ಲೇ ಸಿಗುತ್ತಿದೆ. ಕೊರತೆ ಕಾಣುವುದು ಬೆಳಗಿನ ಹೊತ್ತು. ಎಷ್ಟೋ ಮಕ್ಕಳು ಬರೀ ಚಹಾ ಕುಡಿದು ಬೆಳಗಿನ ಅಭ್ಯಾಸಕ್ಕೆ ಬರುತ್ತಾರೆ. ಒಂದು ರೊಟ್ಟಿ, ಶೇಂಗಾ ಚಟ್ನಿ ಅಥವಾ ಒಂದು ಬಾಳೆಹಣ್ಣು, ನೆನೆಸಿದ ಕಡಲೆ ಇಲ್ಲದೆ ಓಡಿಸಬೇಡಿ. ನಮ್ಮ ದೇಶದಲ್ಲಿ 15–19ರ ಹುಡುಗಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ರಕ್ತಹೀನತೆ ಇದೆ. 600 ಮೀಟರ್‌ನಲ್ಲಿ ಬೇಗ ಏದುಸಿರು ಬಿಡುವ, ಕಣ್ಣ ಕೆಳರೆಪ್ಪೆ ಬಿಳಿಚಿದ ಹುಡುಗಿಗೆ ಹೆಚ್ಚು ಅಭ್ಯಾಸ ಮಾಡಿಸುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ವಾರದ ಕಬ್ಬಿಣಾಂಶದ ಮಾತ್ರೆಯನ್ನು ಚಹಾ ಜೊತೆ ನುಂಗಬಾರದು ಎಂದೂ ಹೇಳಿ.

ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆ ನಡೆಯುತ್ತಿದೆ. ಕಳಿಸಬೇಕಾ?

ಇದಕ್ಕೆ ಒಂದೇ ಉತ್ತರ ಇಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ನಿಲಯಗಳಲ್ಲಿ ಊಟ, ತರಬೇತುದಾರರು, ಒಳ್ಳೆಯ ಮೈದಾನ ಸಿಗುತ್ತದೆ. ಮನೆಯಲ್ಲಿ ಎರಡು ಹೊತ್ತಿನ ಊಟವೇ ಕಷ್ಟ ಇರುವ ಮಗುವಿಗೆ ಅದು ದೊಡ್ಡ ಆಸರೆ. ಆದರೆ ಅಲ್ಲಿ ಸೇರುವುದು ಒಂದು ಆಟದ ಹೆಸರಿನಲ್ಲಿ. 11–12 ವರ್ಷಕ್ಕೆ ಅದು ಬೇಗ ಆಯಿತು ಎಂದೇ ನನ್ನ ಅನಿಸಿಕೆ. ಒಂಬತ್ತನೇ ತರಗತಿಯ ಹೊತ್ತಿಗೆ, ಮಗು ತಾನೇ ಕೇಳಿದರೆ, ಧೈರ್ಯವಾಗಿ ಕಳಿಸಬಹುದು.

ಹೋಗುವ ಮೊದಲು ಪೋಷಕರನ್ನು ಕರೆದುಕೊಂಡು ಒಮ್ಮೆ ನಿಲಯ ನೋಡಿ ಬನ್ನಿ. ಗಾಯವಾದರೆ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಮಗು ಆಟ ಬದಲಿಸಬಹುದಾ, ಫೋನ್ ಮಾಡಲು ಯಾವಾಗ ಬಿಡುತ್ತಾರೆ, ಓದಿನಲ್ಲಿ ಹಿಂದೆ ಬಿದ್ದರೆ ಏನು ಮಾಡುತ್ತಾರೆ ಎಂದು ಕೇಳಿ. ಹುಡುಗಿಯರ ನಿಲಯದಲ್ಲಿ ರಾತ್ರಿ ಮಹಿಳಾ ವಾರ್ಡನ್ ಅಲ್ಲೇ ಇರುತ್ತಾರಾ ಎಂದು ಖಾತ್ರಿ ಮಾಡಿಕೊಳ್ಳಿ. ಮಗುವಿಗೂ ಪೋಷಕರ ಎದುರೇ ಹೇಳಿ: ಆಗದಿದ್ದರೆ ವಾಪಸ್ ಬಾ, ನಮ್ಮ ಶಾಲೆಯಲ್ಲಿ ನಿನ್ನ ಜಾಗ ಇದ್ದೇ ಇರುತ್ತದೆ. ಆಯ್ಕೆಯಾಗದೆ ವಾಪಸ್ ಬಂದ ಮಗುವಿನ ನೋಟ್‌ಬುಕ್ ತೆರೆದು ನೋಡಿ. ಅದು ಶೇ. 86ರ ಹುಡುಗ ಇರಬಹುದು.

ಹಾಗಾದರೆ ಒಂದು ಆಟವನ್ನು ಯಾವಾಗ ಆರಿಸಬೇಕು?

ಜೋರು ಬೆಳವಣಿಗೆ ಇಳಿದ ಮೇಲೆ. ಹುಡುಗಿಯರಲ್ಲಿ ಹೆಚ್ಚಾಗಿ 14ರ ಸುತ್ತ, ಹುಡುಗರಲ್ಲಿ 15–16. ಮೂರು ತಿಂಗಳಲ್ಲಿ 1 ಸೆಂ.ಮೀ.ಗಿಂತ ಕಡಿಮೆ ಏರುವುದು ಎರಡು ಸಲ ಸತತವಾಗಿ ಕಂಡರೆ ಆ ಮಾತು ಶುರುಮಾಡಬಹುದು. ಆಗಲೂ ಒಂದು ಮುಖ್ಯ ಆಟ, ಇನ್ನೊಂದು ಜೊತೆ ಆಟ ಇರಲಿ. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ಅಂತರ ಜಿಲ್ಲಾ ಕಿರಿಯರ ಕೂಟದಲ್ಲೂ 14ರೊಳಗಿನವರಿಗೆ ಹಲವು ಸ್ಪರ್ಧೆ ಸೇರಿದ ಟ್ರಯಾಥ್ಲಾನ್ ಇಟ್ಟಿದ್ದಾರೆ. ಪೋಷಕರು ಒತ್ತಾಯ ಮಾಡಿದಾಗ ಈ ಮಾತು ಹೇಳಿದರೆ ಅವರಿಗೆ ನಂಬಿಕೆ ಬರುತ್ತದೆ.

ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರೇ ಇಲ್ಲ. ಇದೆಲ್ಲ ಯಾರು ಮಾಡಬೇಕು?

ಪ್ರಾಥಮಿಕ ಶಾಲೆಗಳಲ್ಲಿ ಇದು ಸಾಮಾನ್ಯ ಪರಿಸ್ಥಿತಿ. ಆಗ ಎರಡೇ ಕೆಲಸ ಹಿಡಿಯಿರಿ. ಎತ್ತರ ಅಳೆಯುವುದನ್ನು ಗಣಿತ ಶಿಕ್ಷಕರಿಗೆ ವಹಿಸಿ. ಏಳನೇ ತರಗತಿಯ ಮಕ್ಕಳೇ ಅಳೆದು, ಬರೆದು, ಶೇಕಡಾವಾರು ಲೆಕ್ಕ ಹಾಕುತ್ತಾರೆ. ಅವರಿಗೆ ಪಾಠವೂ ಆಗುತ್ತದೆ. ಪೋಷಕರ ಎತ್ತರ, ಮಕ್ಕಳ ತೂಕದ ಪುಟಗಳನ್ನು ಮಾತ್ರ ಶಿಕ್ಷಕರೇ ಇಟ್ಟುಕೊಳ್ಳಲಿ. ಅವು ತರಗತಿಯಲ್ಲಿ ಗೇಲಿಯ ವಸ್ತು ಆಗಬಾರದು.

ಎರಡನೆಯದು, ಸಂಜೆ ನಲವತ್ತು ನಿಮಿಷ ಮೈದಾನ ತೆರೆದಿಡುವುದು. ಊರಿನಲ್ಲಿ ಕಬಡ್ಡಿ, ವಾಲಿಬಾಲ್ ಆಡಿದ ಹಿರಿಯ ಆಟಗಾರರು ಇರುತ್ತಾರೆ. ಎಸ್‌ಡಿಎಂಸಿ ಒಪ್ಪಿಗೆ ಪಡೆದು, ಒಬ್ಬ ಶಿಕ್ಷಕರೂ ಮೈದಾನದಲ್ಲೇ ಇರುವಂತೆ ನೋಡಿಕೊಂಡು ಅವರನ್ನು ಕರೆಯಿರಿ. ಅವರಿಗೆ ಮೊದಲೇ ಒಂದು ಷರತ್ತು ಹೇಳಿ: ಬಂದ ಎಲ್ಲ ಮಕ್ಕಳೂ ಆಡಬೇಕು, ಸಣ್ಣವರನ್ನು ಚೆಂಡು ಹೆಕ್ಕಲು ನಿಲ್ಲಿಸಬಾರದು. ಎಂಟನೇ ತರಗತಿಗೆ ಮಗು ಬೇರೆ ಪ್ರೌಢಶಾಲೆಗೆ ಹೋಗುವಾಗ ಆ ನೋಟ್‌ಬುಕ್‌ನ ಅದರ ಪುಟದ ಒಂದು ನಕಲನ್ನು ಟಿ.ಸಿ. ಜೊತೆ ಪೋಷಕರ ಕೈಗೆ ಕೊಡಿ. ಅಲ್ಲಿನ ದೈಹಿಕ ಶಿಕ್ಷಕರಿಗೆ ಮೊದಲ ವಾರದಲ್ಲೇ ತೋರಿಸಲು ಹೇಳಿ.